ತುಳಸಿ ಸುಟ್ಟರೂ ಹೊಗೆ ಹೊಗೇನೇ: ಹಾಸನ ಜಿಲ್ಲಾಧಿಕಾರಿಗಳಿಗೆ ಮತ್ತು ಜಿಲ್ಲಾ ಆಯುಷ್ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಹಾಸನದಲ್ಲಿ ಒಂದು ಚಿಕ್ಕ ಮೆಡಿಕಲ್ ಸ್ಟೋರ್ ಇಟ್ಕೊಂಡಿದೀನಿ, ಊರು ಅರಕಲಗೂಡು ತಾಲೂಕು, ಮನೇಲಿ ಮೂರು ತಲೆಮಾರಿಂದ ಹೊಗೆಸೊಪ್ಪು ಬೆಳೀತಾ ಬಂದಿರೋರು. ಈ ಪತ್ರ ನಿಮ್ಮ ಇಬ್ಬರಿಗೂ ಬರೀತಿದೀನಿ, ಆದ್ರೆ ಎಲ್ಲರೂ ಓದಲಿ ಅಂತ ಇಲ್ಲಿ ಹಾಕ್ತಿದೀನಿ, ಯಾಕಂದ್ರೆ ಇದು ನನ್ನ ಕೌಂಟರ್ ಮೇಲೇ ನಡೆದಿದ್ದು. ಹರ್ಬಲ್ ಸಿಗರೇಟು ಅಂತ ಬರುತ್ತಲ್ಲ, ತಂಬಾಕು ಇಲ್ಲ, ನಿಕೋಟಿನ್ ಇಲ್ಲ, ತುಳಸಿ, ಲವಂಗ, ಅತಿಮಧುರ, ಚಕ್ಕೆ, ಪುದೀನ ಅಂತ ಹಸಿರು ಡಬ್ಬಿ ಮೇಲೆ ಎಲೆ ಚಿತ್ರ ಹಾಕಿರ್ತಾರಲ್ಲ, ಅದನ್ನ ನಾನೇ ಕೆಮ್ಮಿನ ಸಿರಪ್ ಪಕ್ಕದ ರ‍್ಯಾಕಲ್ಲಿ ಇಟ್ಟು ಮಾರ್ತಿದ್ದೆ. ನಮ್ಮ ಅಣ್ಣನಿಗೂ ನಾನೇ ಕೊಟ್ಟೆ, ದುಡ್ಡೂ ತಗೊಳ್ದೆ ಪ್ರೀತಿಯಿಂದ ಕೊಟ್ಟೆ.

ಅಣ್ಣಂಗೆ ಈಗ ಐವತ್ತೊಂದು. ಇಪ್ಪತ್ತೈದು ವರ್ಷ ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಸೇದ್ದೋನು. ಹೋದ ವರ್ಷ ಮಗಳ ಮದುವೆ ಗೊತ್ತಾದಾಗ ಬಿಡ್ತೀನಿ ಅಂತ ಮನಸ್ಸು ಮಾಡ್ದ, ಬಿಟ್ಟ ಕೂಡ, ಅದು ಸಣ್ಣ ಮಾತಲ್ಲ. ಆದ್ರೆ ಊಟ ಆದ್ಮೇಲೆ ಕೈ ಸುಮ್ನಿರ್ತಿರ್ಲಿಲ್ಲ, ಬೆಳಿಗ್ಗೆ ಕಾಫಿ ಕುಡಿದ ತಕ್ಷಣ ಜೇಬು ತಡಕಾಡೋನು, ಆಗ ನಾನು ಈ ಡಬ್ಬಿ ಕೊಟ್ಟೆ. ಮೊದಲನೇ ವಾರ ಫೋನ್ ಮಾಡಿ, ಲೋ ಇದು ಚೆನ್ನಾಗಿದೆ ಕಣೋ, ಎದೆ ತಣ್ಣಗಾಗುತ್ತೆ, ಗಂಟಲು ಉರೀನೇ ಇಲ್ಲ ಅಂದ. ಇದನ್ನ ದಿನಕ್ಕೆ ಎಂಟು ಸೇದ್ತಿದ್ದೋನು ಹದಿನೈದಕ್ಕೆ ಬಂದ, ಆಮೇಲೆ ಇಪ್ಪತ್ತು. ಇಷ್ಟೊಂದು ಯಾಕಣ್ಣಾ ಅಂದ್ರೆ, ಇದ್ರಲ್ಲೇನೂ ಇಲ್ವಲ್ಲೋ, ಔಷಧಿ ತಾನೇ ಅಂತಿದ್ದ. ಅತ್ತಿಗೇನೂ ಮೊದಮೊದಲು ಖುಷಿಯಾಗಿದ್ರು, ಮನೆ ಒಳಗೆ ಮೊಮ್ಮಕ್ಕಳ ಮುಂದೆ ಸೇದಿದ್ರೂ ಯಾರೂ ಏನೂ ಅಂತಿರ್ಲಿಲ್ಲ, ಧೂಪ ಹಾಕ್ದಂಗೆ ವಾಸನೆ ಬರುತ್ತೆ ಅಂತ.

ಏಳು ತಿಂಗಳಾದ್ಮೇಲೆ ಕೆಮ್ಮು ಕಮ್ಮಿ ಆಗೋದಿರ್ಲಿ, ಬೆಳಿಗ್ಗೆ ಎದ್ರೆ ತಲೆ ಭಾರ, ಹೊಲದ ಏರಿ ಹತ್ತೋಕೆ ಎರಡು ಸಲ ನಿಲ್ಲೋದು. ಅತ್ತಿಗೆಗೆ ಅನುಮಾನ ಬಂತು, ಇವ್ರು ಕದ್ದು ನಿಜವಾದ ಸಿಗರೇಟೇ ಸೇದ್ತಿದಾರೆ ಅಂತ. ಮನೇಲಿ ಜಗಳ. ಅಣ್ಣ ದೇವರ ಮುಂದೆ ಆಣೆ ಮಾಡ್ದ. ನಾನೂ ಒಳಗೊಳಗೆ ಅತ್ತಿಗೆ ಹೇಳೋದೇ ಸರಿ ಇರ್ಬೇಕು ಅನ್ಕೊಂಡಿದ್ದೆ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ.

ಫೆಬ್ರವರಿಲಿ ಹಾಸನದ ಒಬ್ರು ಶ್ವಾಸಕೋಶದ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಅವರ ಹತ್ರ ಕೈಯಲ್ಲಿ ಹಿಡಿಯೋ ಒಂದು ಸಣ್ಣ ಮಷೀನ್ ಇತ್ತು, ಉಸಿರಲ್ಲಿರೋ ಕಾರ್ಬನ್ ಮೊನಾಕ್ಸೈಡ್ ಅಳೆಯೋದು, ಸಿಗರೇಟು ಬಿಡಿಸೋ ಕ್ಲಿನಿಕ್‌ಗಳಲ್ಲಿ ಇಟ್ಕೊಂಡಿರ್ತಾರೆ. ಉಸಿರು ಪೂರ್ತಿ ಎಳ್ಕೊಂಡು ಹದಿನೈದು ಸೆಕೆಂಡ್ ಹಿಡಿದು, ನಿಧಾನಕ್ಕೆ ಕೊನೇ ತನಕ ಊದ್ಬೇಕು. ಸಿಗರೇಟು ಸೇದದೇ ಇರೋರಿಗೆ ಸಾಮಾನ್ಯವಾಗಿ 6 ಪಿಪಿಎಂ ಒಳಗೆ ಬರುತ್ತೆ, 10 ದಾಟಿದ್ರೆ ಸೇದೋರು ಅಂತ ಲೆಕ್ಕ. ಅಣ್ಣ ಊದ್ದ, 19 ಬಂತು. ಅತ್ತಿಗೆ ನನ್ನ ಮುಖ ನೋಡಿದ್ರು, ಅಣ್ಣ ತಲೆ ತಗ್ಗಿಸ್ದ.

ಡಾಕ್ಟರ್ ಮಾತ್ರ ತಕ್ಷಣ ಬೈಲಿಲ್ಲ. ಹೊಗೆಸೊಪ್ಪು ಒಣಗಿಸೋ ಬ್ಯಾರನ್ ಹತ್ರ ಮಲಗಿದ್ರಾ, ಬಚ್ಚಲು ಒಲೆ ಮುಂದೆ ಕೂತಿದ್ರಾ, ಯಾವ ವಾಹನದಲ್ಲಿ ಬಂದ್ರಿ ಅಂತ ಒಂದೊಂದೇ ಕೇಳಿದ್ರು, ಯಾಕಂದ್ರೆ ಸೌದೆ ಹೊಗೆ ಕುಡಿದೋರಿಗೂ ಆ ಮಷೀನ್ ನಂಬರ್ ಏರುತ್ತೆ. ಫೆಬ್ರವರಿಲಿ ಬ್ಯಾರನ್ ಉರಿಯಲ್ಲ, ಮನೇಲಿ ಸೋಲಾರ್ ಇದೆ, ಬಂದಿದ್ದು ಬಸ್ಸಲ್ಲಿ. ಆಮೇಲೆ ಮೂತ್ರದಲ್ಲಿ ಕೋಟಿನಿನ್ ಟೆಸ್ಟ್ ಮಾಡ್ಸಿದ್ರು. ನಿಕೋಟಿನ್ ಮೈಗೆ ಹೋದ್ರೆ ಅದು ಒಡೆದು ಕೋಟಿನಿನ್ ಆಗುತ್ತೆ, ಕೆಲವು ದಿನ ಮೂತ್ರದಲ್ಲಿ ಸಿಗುತ್ತೆ. ಅದು ನೆಗೆಟಿವ್ ಬಂತು. ಅಂದ್ರೆ ಅಣ್ಣ ಹೇಳಿದ್ದು ನಿಜ, ತಂಬಾಕು ಮುಟ್ಟಿರ್ಲಿಲ್ಲ, ಆದ್ರೂ ಅವನ ಉಸಿರಲ್ಲಿ ಸಿಗರೇಟು ಸೇದೋನ ಲೆಕ್ಕದ ವಿಷ ಇತ್ತು, ಅದು ಬಂದಿದ್ದು ನಾನು ಕೊಟ್ಟ ತುಳಸಿ ಲವಂಗದ ಡಬ್ಬಿಯಿಂದ.

ಇದು ಹೆಂಗೆ ಅಂತ ನಾನು ಅವತ್ತು ಅರ್ಥ ಮಾಡ್ಕೊಂಡಿದ್ದನ್ನ ಸರಳವಾಗಿ ಹೇಳ್ತೀನಿ. ಕಾರ್ಬನ್ ಮೊನಾಕ್ಸೈಡ್ ನಿಕೋಟಿನ್‌ನಿಂದ ಬರೋದಲ್ಲ, ಎಲೆ ಸುಡೋದ್ರಿಂದ ಬರೋದು. ಯಾವ ಸೊಪ್ಪಾದ್ರೂ ಸರಿ, ಗಾಳಿ ಸಾಕಾಗದೆ ಅರೆಬರೆ ಉರಿದ್ರೆ ಈ ಗ್ಯಾಸ್ ಹುಟ್ಟುತ್ತೆ, ಜೊತೆಗೆ ಅಂಟಂಟು ಟಾರು, ಕಣ್ಣಿಗೆ ಕಾಣದಷ್ಟು ಸಣ್ಣ ಮಸಿ ಕಣ. ಸಿಗರೇಟಿನ ಕೆಂಡ ದಮ್ ಎಳೆಯುವಾಗ 900 ಡಿಗ್ರಿ ಹತ್ತಿರ ಹೋಗುತ್ತೆ. ಆ ಬಿಸಿಗೆ ಸಿಕ್ಕ ತುಳಸಿ ತುಳಸಿಯಾಗಿ ಉಳಿಯಲ್ಲ. ಅಜ್ಜಿ ಕಷಾಯ ಕಾಯಿಸೋದು 100 ಡಿಗ್ರಿ ನೀರಲ್ಲಿ, ಅದು ಹೋಗೋದು ಹೊಟ್ಟೆಗೆ, ಅಲ್ಲಿಂದ ಲಿವರ್‌ಗೆ, ಕೆಟ್ಟದ್ದೇನಾದ್ರೂ ಇದ್ರೆ ಸೋಸೋಕೆ ಅಲ್ಲೊಂದು ಜಾಗ ಇದೆ. ಹೊಗೆ ಹಂಗಲ್ಲ, ನೇರವಾಗಿ ಶ್ವಾಸಕೋಶದ ಗಾಳಿಚೀಲಕ್ಕೆ ಹೋಗುತ್ತೆ, ಗಾಳಿಗೂ ರಕ್ತಕ್ಕೂ ಮಧ್ಯೆ ಇರೋದು ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಪರದೆ. ಅಲ್ಲಿ ಈ ಗ್ಯಾಸು ಹಿಮೋಗ್ಲೋಬಿನ್ನಿಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ, ಆಕ್ಸಿಜನ್ ಕೂರೋ ಸೀಟಲ್ಲಿ ಇದು ಟವೆಲ್ ಹಾಸ್ಕೊಂಡು ಕೂತಂಗೆ. ಅದರಲ್ಲಿ ಅರ್ಧ ಇಳಿಯೋಕೇ ನಾಲ್ಕೈದು ಗಂಟೆ ಬೇಕು, ಇಪ್ಪತ್ತು ಸೇದೋನಿಗೆ ಇಳಿಯೋಕೆ ಟೈಮೇ ಸಿಗಲ್ಲ.

ಇಲ್ಲಿ ಇನ್ನೊಂದು ಮೋಸ ಇದೆ, ಇದನ್ನ ದಯವಿಟ್ಟು ಎಲ್ಲರೂ ಗಮನಿಸಿ. ಕೋವಿಡ್ ಟೈಮಲ್ಲಿ ತಗೊಂಡ ಆಕ್ಸಿಮೀಟರ್ ಎಲ್ಲರ ಮನೇಲೂ ಬಿದ್ದಿದೆ. ಅಣ್ಣ ದಿನಾ ಬೆರಳಿಗೆ ಹಾಕಿ ನೋಡೋನು, 97, 98 ಬರೋದು, ನೋಡು ಏನೂ ಆಗಿಲ್ಲ ಅಂತ ನನಗೆ ಫೋಟೋ ಕಳಿಸೋನು. ಬೆರಳಿಗೆ ಹಾಕೋ ಸಾಮಾನ್ಯ ಆಕ್ಸಿಮೀಟರ್‌ಗೆ ಆಕ್ಸಿಜನ್ ಹೊತ್ತ ರಕ್ತಕ್ಕೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಎರಡನ್ನೂ ಸೇರಿಸಿ ಚೆನ್ನಾಗಿದೆ ಅಂತಲೇ ತೋರಿಸುತ್ತೆ. ಹಾಗಾಗಿ ಆ ನಂಬರ್ ನೋಡ್ಕೊಂಡು ಯಾರೂ ಸಮಾಧಾನ ಮಾಡ್ಕೋಬೇಡಿ.

ಗಂಟಲು ತಣ್ಣಗಾಗುತ್ತೆ ಅಂದ್ನಲ್ಲ, ಅದೂ ಒಳ್ಳೇದಲ್ಲ ಅಂತ ಆಮೇಲೆ ಗೊತ್ತಾಯ್ತು. ಲವಂಗದಲ್ಲಿ ಯೂಜಿನಾಲ್ ಅಂತ ಇದೆ, ಹಲ್ಲು ನೋವಿಗೆ ಲವಂಗದ ಎಣ್ಣೆ ಹಚ್ಚಿದ್ರೆ ಮರಗಟ್ಟುತ್ತಲ್ಲ, ಅದೇ. ಪುದೀನದ ಮೆಂಥಾಲ್ ತಂಪು ಅನ್ನಿಸೋ ಹಂಗೆ ಮಾಡುತ್ತೆ. ಹೊಗೆ ಒಳಗೆ ಹೋದಾಗ ಗಂಟಲು ಉರಿದು ಕೆಮ್ಮು ಬರೋದು ಸಾಕು ನಿಲ್ಸು ಅಂತ ದೇಹ ಹೇಳೋ ಮಾತು, ಇವೆರಡೂ ಆ ಬಾಯಿ ಮುಚ್ಚಿಸ್ತಾವೆ, ಆಗ ಇನ್ನೂ ಆಳಕ್ಕೆ ಎಳೀತಾರೆ. ಮೊದಲ ವಾರಗಳಲ್ಲಿ ನಿಕೋಟಿನ್ ಹಸಿವು ಬೇರೆ ತೀರದೆ ಇರೋದ್ರಿಂದ ಮತ್ತೆ ಮತ್ತೆ ಹಚ್ತಾರೆ. ಅಣ್ಣ ಎಂಟರಿಂದ ಇಪ್ಪತ್ತಕ್ಕೆ ಹೋಗಿದ್ದು ಹಿಂಗೇ. ನಿಕೋಟಿನ್ ಇಲ್ಲ ಅಂತ ಡಬ್ಬಿ ಮೇಲೆ ಬರೆದಿದ್ದು ಸುಳ್ಳಲ್ಲ, ಆ ಒಂದು ವಿಷಯದಲ್ಲಿ ಅದು ಬೇರೆನೇ, ಆದ್ರೆ ಆ ಒಂದು ನಿಜ ತೋರಿಸಿ ಉಳಿದಿದ್ದನ್ನೆಲ್ಲ ಮುಚ್ಚಿಡ್ತಾರೆ.

ನನಗೆ ಇದನ್ನೆಲ್ಲ ಡಾಕ್ಟರ್ ಹೇಳ್ಬೇಕಾಗಿರ್ಲಿಲ್ಲ, ಬ್ಯಾರನ್ ಮನೇಲಿ ಹುಟ್ಟಿದೋನಿಗೆ ತಾನಾಗೇ ಹೊಳೀಬೇಕಿತ್ತು. ಗೊತ್ತಿಲ್ಲದೋರಿಗೆ ಹೇಳ್ತೀನಿ. ನಮ್ಮ ಕಡೆ ವರ್ಜೀನಿಯಾ ಸೊಪ್ಪನ್ನ ಬಿಡಿಸಿ ಕಡ್ಡಿಗೆ ಕಟ್ಟಿ ಬ್ಯಾರನ್ ಒಳಗೆ ಸಾಲಾಗಿ ನೇತು ಹಾಕ್ತೀವಿ, ಒಲೆ ಬಾಯಿ ಹೊರಗಡೆ ಇರುತ್ತೆ, ಸೌದೆ ಹಾಕೋದು ಅಲ್ಲಿ. ಬೆಂಕಿಯ ಬಿಸಿ ದೊಡ್ಡ ತಗಡಿನ ಪೈಪಲ್ಲಿ ಬ್ಯಾರನ್ ಒಳಗೆ ಸುತ್ತಾಡಿ, ಹೊಗೆ ಚಿಮಣಿಯಿಂದ ಆಚೆ ಹೋಗುತ್ತೆ. ಐದಾರು ದಿನ ರಾತ್ರಿ ಹಗಲು ಕಾಯ್ತೀವಿ, ಮೊದಲು ಸಣ್ಣ ಕಾವಲ್ಲಿ ಹಳದಿ ಬರಿಸೋದು, ಆಮೇಲೆ ಎಲೆ ಒಣಗಿಸೋದು, ಕೊನೆಗೆ 70 ಡಿಗ್ರಿ ಆಸುಪಾಸು ಏರಿಸಿ ನಡುಕಡ್ಡಿ ಒಣಗಿಸೋದು. ಈ ಪೈಪ್ ವ್ಯವಸ್ಥೆ ಯಾಕೆ ಅಂದ್ರೆ ಸೊಪ್ಪಿಗೆ ಹೊಗೆ ತಾಗಬಾರದು, ಬರೀ ಬಿಸಿ ತಾಗ್ಬೇಕು. ಪೈಪಲ್ಲಿ ಬೆರಳು ತೂರೋಷ್ಟು ತೂತಾದ್ರೂ ಸಾಕು, ಸೊಪ್ಪು ಹೊಗೆ ವಾಸನೆ ಹಿಡಿದು ಬಣ್ಣ ಕೆಡುತ್ತೆ, ರಾಮನಾಥಪುರದ ಹರಾಜಲ್ಲಿ ಸೊಪ್ಪಿನ ಬೇಲ್‌ಗೆ ರೇಟು ಕಮ್ಮಿ ಆಗುತ್ತೆ. ನಮ್ಮಪ್ಪ ಪ್ರತಿ ವರ್ಷ ಒಲೆ ಹಚ್ಚೋಕೆ ಮುಂಚೆ ಪೈಪಿನ ಒಂದೊಂದು ಜೋಡಣೆಗೂ ಮಣ್ಣು ಮೆತ್ತೋರು, ಕತ್ತಲಲ್ಲಿ ಬ್ಯಾಟರಿ ಹಿಡ್ಕೊಂಡು ಬೆಳಕು ತೂರುತ್ತಾ ಅಂತ ನೋಡೋರು. ಒಣಗಿದ ಎಲೆಗೆ ಸೌದೆ ಹೊಗೆ ತಾಗಿದ್ರೆ ಹಾಳಾಗುತ್ತೆ ಅಂತ ಅಷ್ಟು ಜೋಪಾನ ಮಾಡೋ ಮನೇಲಿ, ಅಣ್ಣನ ಎದೆಗೆ ಹೊಗೆ ಹೋದ್ರೆ ಏನೂ ಆಗಲ್ಲ ಅಂತ ನಾವೆಲ್ಲ ನಂಬಿದ್ವಲ್ಲ.

ನ್ಯಾಚುರಲ್ ಅನ್ನೋ ಮಾತಿಗೂ ಅಲ್ಲೇ ಉತ್ತರ ಇದೆ. ಹೊಗೆಸೊಪ್ಪೂ ಸೊಪ್ಪೇ ತಾನೇ? ಅರಕಲಗೂಡಿನ ಮಣ್ಣಲ್ಲಿ ಮೇ ಜೂನ್ ಮಳೆಗೆ ನಾಟಿ ಮಾಡಿ ಬೆಳೆದಿದ್ದು, ಅದಕ್ಕಿಂತ ನ್ಯಾಚುರಲ್ ಇನ್ನೇನು ಬೇಕು. ಸಕಲೇಶಪುರ, ಮೂಡಿಗೆರೆ ಕಡೆ ಹಂಡೆ ಒಲೆ ಮುಂದೆ ಮೂವತ್ತು ವರ್ಷ ಕೂತು, ಒಂದು ಬೀಡಿನೂ ಸೇದದೆ, ಇವತ್ತು ಇನ್ಹೇಲರ್ ತಗೊಳ್ಳೋ ಹೆಂಗಸರು ನಮ್ಮ ಅಂಗಡಿಗೇ ಬರ್ತಾರೆ. ಅವರು ಉರಿಸಿದ್ದೂ ತೋಟದ ಸಿಲ್ವರ್ ಓಕ್ ಕೊಂಬೆ, ಕಾಫಿ ಗಿಡದ ಕಡ್ಡಿ.

ಈಗ ಆಯುಷ್ ಅಧಿಕಾರಿಗಳಿಗೆ ವಿಶೇಷವಾಗಿ. ನನಗೆ ಈ ಮಾಲು ಕೊಟ್ಟ ರೆಪ್ ಹೇಳಿದ್ದು, ಸಾರ್ ಇದು ಚರಕ ಸಂಹಿತೆಯಲ್ಲೇ ಇದೆ, ಧೂಮಪಾನ ಅನ್ನೋ ಪದಾನೇ ಅಲ್ಲಿಂದ ಬಂದಿದ್ದು ಅಂತ. ನಾನು ಬಾಯಿ ಮುಚ್ಕೊಂಡು ಆರ್ಡರ್ ಹಾಕ್ದೆ. ಅಣ್ಣನ ರಿಪೋರ್ಟ್ ಬಂದ್ಮೇಲೆ ನಮ್ಮ ಅಂಗಡಿಗೆ ಚೀಟಿ ಬರೆಯೋ ಒಬ್ರು ಆಯುರ್ವೇದ ಡಾಕ್ಟರ್‌ನ ಕೇಳಿದೆ. ಅವರು ಚರಕ ಸಂಹಿತೆಯ ಸೂತ್ರಸ್ಥಾನ ಅನ್ನೋ ಭಾಗದ ಐದನೇ ಅಧ್ಯಾಯ ತೆಗೆದು ಓದಿ ಹೇಳಿದ್ರು, ಹೌದು ಅಲ್ಲಿ ಧೂಮಪಾನ ಇದೆ, ಆದ್ರೆ ಹೆಂಗಿದೆ ಅಂತ ಕೇಳಿ. ಮೂಲಿಕೆ ಅರೆದು ಜೊಂಡಿನ ಕಡ್ಡಿಗೆ ಲೇಪ ಮಾಡಿ ಒಣಗಿಸಿ, ಕಡ್ಡಿ ಹೊರಗೆ ಎಳೆದು, ಹೆಬ್ಬೆರಳು ದಪ್ಪದ ಬತ್ತಿ ಮಾಡಿ ತುಪ್ಪ ಸವರಬೇಕು. ಅದನ್ನ ನೇರ ಬಾಯಿಗಿಡೋದಲ್ಲ, ಉದ್ದದ ನಳಿಗೆ ಇಟ್ಟು ಎಳೀಬೇಕು. ದಿನನಿತ್ಯದ ಧೂಮಕ್ಕೆ ಆ ನಳಿಗೆ 36 ಅಂಗುಲ, ಅವರ ಅಂಗುಲ ನಮ್ಮ ಇಂಚಿಗಿಂತ ಚಿಕ್ಕದು, ಆದ್ರೂ ಎರಡಡಿ ಮೇಲಾಗುತ್ತೆ. ಯಾಕೆ ಅಷ್ಟುದ್ದ ಅನ್ನೋದೂ ಅಲ್ಲೇ ಹೇಳಿದೆ, ದೂರದಿಂದ ಬಂದು, ನಳಿಗೆಯ ಗಿಣ್ಣುಗಳಲ್ಲಿ ತಡೆದು, ತೆಳುವಾದ ಹೊಗೆ ಇಂದ್ರಿಯಗಳಿಗೆ ಬಾಧೆ ಕೊಡಲ್ಲ ಅಂತ. ಅಂದ್ರೆ ಹೊಗೆ ಬಾಧೆ ಕೊಡುತ್ತೆ ಅನ್ನೋದು ಚರಕರಿಗೇ ಗೊತ್ತಿತ್ತು. ಸೇದೋಕೆ ಹೊತ್ತು ಗೊತ್ತು ಇದೆ, ಸ್ನಾನ ಆದ್ಮೇಲೆ, ಊಟ ಆದ್ಮೇಲೆ, ಸೀನಿದ್ಮೇಲೆ ಹಿಂಗೆ ಎಂಟು ಕಾಲ. ಯಾರು ಸೇದಬಾರದು ಅಂತ ಪಟ್ಟಿ ಇದೆ, ಅದರಲ್ಲಿ ಗರ್ಭಿಣಿಯರೂ ಇದಾರೆ. ಹೊತ್ತಲ್ಲದ ಹೊತ್ತಲ್ಲಿ, ಅತಿಯಾಗಿ ಸೇದಿದ್ರೆ ಕಿವುಡು, ಕುರುಡು, ಮೂಕತನ, ರಕ್ತ ಸುರಿಯೋ ರಕ್ತಪಿತ್ತ, ತಲೆಸುತ್ತು ಬರುತ್ತೆ ಅಂತ ಎಚ್ಚರಿಕೆ ಕೂಡ ಅದೇ ಅಧ್ಯಾಯದಲ್ಲಿದೆ.

ಆ ಹಳೇ ಪದ್ಧತಿ ಹೊಗೆ ಶ್ವಾಸಕೋಶಕ್ಕೆ ಸೇಫ್ ಅಂತ ನಾನು ಹೇಳ್ತಿಲ್ಲ, ಉಸಿರಿನ ಮಷೀನ್‌ಗೆ ಯಾವ ಹೊಗೆಯಾದ್ರೂ ಒಂದೇ. ನಾನು ಹೇಳೋದು ಇಷ್ಟೇ, ಬೆರಳುದ್ದದ ಕಾಗದದ ಸುರುಳಿಗೆ ಫಿಲ್ಟರ್ ಅಂಟಿಸಿ, ಇಪ್ಪತ್ತರ ಡಬ್ಬಿ ಮಾಡಿ, ಯಾವಾಗ ಬೇಕಾದ್ರೂ ಎಷ್ಟು ಬೇಕಾದ್ರೂ ಸೇದಿ ಅಂತ ಮಾರೋದಕ್ಕೆ ಚರಕರ ಹೆಸರು ಹಾಕೋದು ಆಯುರ್ವೇದಕ್ಕೇ ಮಾಡೋ ಅವಮಾನ. ಆ ಡಾಕ್ಟರ್ ಇದನ್ನ ಹೇಳುವಾಗ ಅವರ ದನಿ ನಡುಗ್ತಿತ್ತು. ಇದನ್ನ ಹೇಳಬೇಕಾಗಿರೋರು ನೀವು, ನಿಮ್ಮ ಇಲಾಖೆ ಹೆಸರಲ್ಲಿ ಒಂದು ಪ್ರಕಟಣೆ ಬಂದ್ರೆ ನನ್ನಂಥ ನೂರು ಅಂಗಡಿಯವರು ಮಾಲು ಇಳಿಸ್ತಾರೆ.

ಜಿಲ್ಲಾಧಿಕಾರಿಗಳೇ, ಕಾನೂನಲ್ಲಿ ಎಲ್ಲಿ ತೂತಿದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2003ರ ತಂಬಾಕು ಕಾಯ್ದೆ, ಕೋಟ್ಪಾ, ಅದರಲ್ಲಿ ಧೂಮಪಾನ ಅಂದ್ರೇನೇ ತಂಬಾಕು ಸೇದೋದು ಅಂತ ಅರ್ಥ ಕೊಟ್ಟಿದಾರೆ. ತಂಬಾಕು ಇಲ್ಲ ಅಂದ ತಕ್ಷಣ ಎಲ್ಲಾ ಕಳಚಿ ಬೀಳುತ್ತೆ. ಮಾಮೂಲಿ ಸಿಗರೇಟು ಡಬ್ಬಿ ಮೇಲೆ 85 ಪರ್ಸೆಂಟ್ ಜಾಗದಲ್ಲಿ ಹುಣ್ಣಿನ ಚಿತ್ರ ಇರ್ಬೇಕು, ಇದರ ಮೇಲೆ ತುಳಸಿ ಚಿತ್ರ. ಅದನ್ನ ಶಾಲೆ ಕಾಲೇಜಿಂದ 100 ಗಜದೊಳಗೆ ಮಾರೋ ಹಂಗಿಲ್ಲ, ಇದನ್ನ ಗೇಟ್ ಮುಂದೇನೇ ಮಾರಬಹುದು. ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ ಹಚ್ಚಿದ್ರೆ ದಂಡ ಹಾಕೋಕೆ ಬಂದೋರಿಗೆ, ಸಾರ್ ಇದು ಹರ್ಬಲ್ ಅಂತಾರೆ, ಅಲ್ಲಿಗೆ ಮುಗೀತು. ನಮ್ಮ ಅಂಗಡಿಗೇ ಪಿಯುಸಿ ಹುಡುಗ್ರು ಬಂದು, ಅಂಕಲ್ ತಂಬಾಕು ಇಲ್ದಿರೋದು ಕೊಡಿ ಅಂತ ಕೇಳಿದಾರೆ. ಅವರ ಕೈ ಕಲಿಯೋದು ಸಿಗರೇಟು ಹಿಡಿಯೋದನ್ನೇ, ಎದೆ ಕಲಿಯೋದು ಹೊಗೆ ತಡ್ಕೊಳ್ಳೋದನ್ನೇ.

ಆದ್ರೆ ದಾರಿ ಇಲ್ಲ ಅಂತ ಹೇಳ್ಬೇಡಿ. 2024ರ ಫೆಬ್ರವರಿಲಿ ನಮ್ಮದೇ ರಾಜ್ಯ ಸರ್ಕಾರ ಹುಕ್ಕಾ ಬ್ಯಾನ್ ಮಾಡ್ದಾಗ ನಿಕೋಟಿನ್ ಇಲ್ಲದ ಹುಕ್ಕಾನೂ ಸೇರಿಸೇ ಮಾಡಿತ್ತು, ಅದೇ ವರ್ಷ ಏಪ್ರಿಲ್‌ನಲ್ಲಿ ಹೈಕೋರ್ಟು ಅದನ್ನ ಎತ್ತಿ ಹಿಡೀತು. ಹರ್ಬಲ್ ಅನ್ನೋ ನೆಪ ಅಲ್ಲಿ ನಡೀಲಿಲ್ಲ. ಹಂಗಿದ್ರೆ ಅದೇ ಹೊಗೆ ಕೊಳವೆ ಬದಲು ಕಾಗದದಲ್ಲಿ ಸುತ್ತಿ ಬಂದ್ರೆ ಯಾಕೆ ಸುಮ್ನಿರ್ಬೇಕು? ಅಮೆರಿಕಾದಲ್ಲಿ 2000ನೇ ಇಸವಿಯಲ್ಲೇ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹರ್ಬಲ್ ಸಿಗರೇಟು ಕಂಪನಿಗೆ, ಇವು ಆರೋಗ್ಯಕ್ಕೆ ಅಪಾಯಕಾರಿ, ಇವುಗಳಿಂದ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಬರುತ್ತೆ ಅಂತ ಎಚ್ಚರಿಕೆ ಹಾಕಿ ಅಂತ ಹೇಳಿತ್ತು. ಇಪ್ಪತ್ತೈದು ವರ್ಷ ಆಯ್ತು, ಆ ಒಂದು ಸಾಲು ಕನ್ನಡದಲ್ಲಿ ಇವತ್ತಿಗೂ ನನ್ನ ಕಣ್ಣಿಗೆ ಬಿದ್ದಿಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ಈ ಡಬ್ಬಿಗಳ ಮೇಲೆ ಕೆಮ್ಮು ಹೋಗುತ್ತೆ, ಕಫ ಕರಗುತ್ತೆ ಅಂತ ಬರೆದಿರೋದು ಔಷಧಿ ಲೆಕ್ಕದಲ್ಲಿ ಬರುತ್ತೆ, ಹಂಗಿದ್ರೆ ಆಯುರ್ವೇದ ಔಷಧಿ ತಯಾರಿಕೆಯ ಲೈಸೆನ್ಸ್ ನಂಬರ್ ಇದ್ಯಾ, ಇದ್ರೆ ಸೇದೋಕೆ ಅಂತ ಕೊಟ್ಟಿದ್ದಾ ಇಲ್ವಾ ಅಂತ ಜಿಲ್ಲೇಲಿ ಒಂದು ಸಲ ಅಂಗಡಿ ಅಂಗಡಿ ನೋಡಿಸಿ. ಶಾಲೆ ಕಾಲೇಜು ಸುತ್ತ ತಂಬಾಕಿಗೆ ಇರೋ ನಿಯಮ ಇದಕ್ಕೂ ಬರೋ ಹಂಗೆ ಸರ್ಕಾರಕ್ಕೆ ನಿಮ್ಮ ಕಡೆಯಿಂದ ಬರೀರಿ. ತಾಲೂಕು ಆಸ್ಪತ್ರೆಗಳಿಗೆ ಆ ಊದೋ ಮಷೀನ್ ಒಂದೊಂದು ಕೊಡಿಸಿ, ಮಾತಲ್ಲಿ ನಂಬದೋರು ನಂಬರ್ ನೋಡಿ ನಂಬ್ತಾರೆ, ನಮ್ಮ ಮನೇಲಿ ಹಂಗೇ ಆಯ್ತು.

ಸಿಗರೇಟು ಬಿಡೋಕೆ ಹೊರಟೋರಿಗೆ ಒಂದು ಮಾತು, ಇದಕ್ಕೆ ಬೇರೆ ದಾರಿ ಇದೆ. ನಿಕೋಟಿನ್ ಗಮ್ 2 ಮಿಲಿಗ್ರಾಮ್, 4 ಮಿಲಿಗ್ರಾಮ್ ಅಂತ ಸಿಗುತ್ತೆ, ಎಷ್ಟರದ್ದು ಎಷ್ಟು ದಿನ ಅಂತ ಡಾಕ್ಟರ್ ಹೇಳ್ತಾರೆ, ಅದರಲ್ಲಿ ನಿಕೋಟಿನ್ ಇದೆ ಆದ್ರೆ ಹೊಗೆ ಇಲ್ಲ. ಸಿಗರೇಟು ಡಬ್ಬಿ ಮೇಲೇ ಇರೋ 1800-11-2356 ನಂಬರ್‌ಗೆ ಫೋನ್ ಮಾಡಿದ್ರೆ ದುಡ್ಡಿಲ್ಲದೆ ಮಾತಾಡಿಸ್ತಾರೆ. ಅಣ್ಣಂಗೆ ಗಮ್ ಬೇಕಾಗ್ಲಿಲ್ಲ, ನಿಕೋಟಿನ್ ಬಿಟ್ಟು ಏಳು ತಿಂಗಳಾಗಿತ್ತಲ್ಲ, ಅವನಿಗೆ ಉಳಿದಿದ್ದು ಕೈ ಚಟ. ಊಟ ಆದ್ಮೇಲೆ ಒಂದು ಏಲಕ್ಕಿ ಬಾಯಿಗೆ ಹಾಕ್ಕೊಂಡು ಕೊಟ್ಟಿಗೆ ತನಕ ನಡೀತಾನೆ.

ಹರ್ಬಲ್ ಡಬ್ಬಿ ಬಿಟ್ಟು ಎಂಟನೇ ದಿನಕ್ಕೆ ಮತ್ತೆ ಊದಿಸಿದ್ರು, 3 ಬಂತು. ಬೆಳಗಿನ ತಲೆಭಾರ ಹೋಯ್ತು. ಆದ್ರೆ ಶ್ವಾಸಕೋಶದ ಇನ್ನೊಂದು ಟೆಸ್ಟ್, ಸ್ಪೈರೋಮೆಟ್ರಿ, ಅದರಲ್ಲಿ ಗಾಳಿ ಆಚೆ ತಳ್ಳೋ ಶಕ್ತಿ ಕಮ್ಮಿ ಆಗಿರೋದು ಕಾಣ್ತು, ಮೊದಲ ಒಂದು ಸೆಕೆಂಡಲ್ಲಿ ಒಟ್ಟು ಗಾಳಿಯ 70 ಪರ್ಸೆಂಟ್ ಆದ್ರೂ ಆಚೆ ಬರ್ಬೇಕು, ಅವನಿಗೆ 66 ಬಂತು. ಅದು ಇಪ್ಪತ್ತೈದು ವರ್ಷದ ಸಿಗರೇಟಿನ ಲೆಕ್ಕ, ಅದನ್ನ ಈ ಡಬ್ಬಿ ಮೇಲೆ ಹೊರಿಸಲ್ಲ. ಆದ್ರೆ ಹೊಗೆ ಪೂರ್ತಿ ನಿಂತ್ರೆ ಆ ಇಳಿತ ನಿಧಾನ ಆಗುತ್ತೆ ಅಂತ ಡಾಕ್ಟರ್ ಹೇಳಿದ್ರು, ಆ ಏಳು ತಿಂಗಳು ಅವನು ಬಿಟ್ಟಿದೀನಿ ಅನ್ಕೊಂಡೇ ಸೇದ್ತಿದ್ದ, ಸೇದೋಕೆ ಕೊಟ್ಟೋನು ನಾನು.

ಉಳಿದ ಹದಿನಾಲ್ಕು ಡಬ್ಬಿ ಅಂಗಡಿ ಹಿಂದಿನ ರೂಮಲ್ಲಿ ಒಂದು ಕಾರ್ಟನ್ನಲ್ಲಿ ಕಟ್ಟಿಟ್ಟಿದೀನಿ. ವಾಪಸ್ ತಗೊಳ್ತೀನಿ ಅಂತ ರೆಪ್ ಹೇಳ್ದ, ನಾನೇ ಕೊಡ್ಲಿಲ್ಲ, ಇನ್ನೊಂದು ಅಂಗಡಿಗೆ ಹೋಗುತ್ತೆ ಅಷ್ಟೇ. ನೀವು ಯಾವತ್ತು ಬಾ ಅಂತೀರೋ ಅವತ್ತು ತಂದು ನಿಮ್ಮ ಆಫೀಸಲ್ಲಿ ಕೊಡ್ತೀನಿ, ಬಿಲ್ಲೂ ಇದೆ.

ಇಂತಿ ತಮ್ಮ ವಿಶ್ವಾಸಿ,
ಹಾಸನದ ಒಬ್ಬ ಮೆಡಿಕಲ್ ಸ್ಟೋರಿನವನು